ಚಿತ್ರಯಂತ್ರಕ್ಕೆ ಇಳಕಲ್ಲ ಸೀರೆಯ ವರ್ಣನೆ

ಮಾತನ್ನು ಓದಿ ಚಿತ್ರ ರಚಿಸುವ ಯಂತ್ರಗಳಿಗೆ ಸೀರೆಯನ್ನು ವರ್ಣಿಸುವವರು ಬಹುಮಟ್ಟಿಗೆ ವಿಶೇಷಣಗಳನ್ನೇ ನಂಬುತ್ತಾರೆ. “ಕುಂಚಾವರಂ ಕಾಡಿನ ಅಂಚಿನಲ್ಲಿ ನಿಂತ ಹೆಂಗಸು, ಮನೋಹರವಾದ ಇಳಕಲ್ಲ ಸೀರೆ” ಎಂಬಂಥ ವಾಕ್ಯವನ್ನು ಮಾದರಿಗಾಗಿ ತೆಗೆದುಕೊಳ್ಳಬಹುದು. ಇದರಲ್ಲಿ ಕಾಡಿಗೆ ಒಂದು ಸ್ಥಾನವುಂಟು, ಸೀರೆಗೆ ಹೆಸರು ಮಾತ್ರ. ಹೆಸರನ್ನು ಅರಿಯದ ಯಂತ್ರವು ತಾನು ಹೆಚ್ಚಾಗಿ ಕಂಡ ಹೊಳೆಯುವ ರೇಷ್ಮೆಯನ್ನು ತಂದು ಹೊದಿಸುವುದು ಸಹಜವೇ. 2022ರಲ್ಲಿ ಹೊರಬಂದ ಸ್ಟೇಬಲ್ ಡಿಫ್ಯೂಷನ್ನಿನ ಮೊದಲ ಆವೃತ್ತಿಗಳು ಒಮ್ಮೆಗೆ 77 ಪದತುಣುಕುಗಳನ್ನಷ್ಟೇ ಗ್ರಹಿಸುತ್ತಿದ್ದವು. ಅಂಥಲ್ಲಿ “ಮನೋಹರ” ಎಂಬುದು ದುಂದುವೆಚ್ಚವೇ ಸರಿ.

ಸಾಂಪ್ರದಾಯಿಕ ಇಳಕಲ್ಲ ಸೀರೆಯ ಒಡಲು ಹತ್ತಿ. ಸೆರಗು ಕೆಂಪು ರೇಷ್ಮೆ ಅಥವಾ ಕೃತಕ ರೇಷ್ಮೆ. ಒಡಲಿನ ಹಾಸಿಗೆ ಸೆರಗಿನ ಹಾಸನ್ನು ಕೊಂಡಿಗಳಿಂದ ಜೋಡಿಸಿ ನೇಯುವುದರಿಂದ ಬಣ್ಣವು ಕ್ರಮವಾಗಿ ಕರಗದೆ ಒಂದೇ ಗೆರೆಯಲ್ಲಿ ಬದಲಾಗುತ್ತದೆ. ಆದುದರಿಂದ “ಹೊಳಪಿಲ್ಲದ ಗಾಢನೀಲಿ ಹತ್ತಿಯ ಒಡಲು, ಸಣ್ಣ ಚೌಕಳಿ; ಸುಮಾರು 3 ಅಂಗುಲದ ಕೆಂಪಂಚು; ಕೆಂಪು ಸೆರಗಿನಲ್ಲಿ ಬಿಳಿಯ ಗೋಪುರಾಕಾರದ ಹಲ್ಲುಗಳು; ಒಡಲು ಸೆರಗುಗಳ ನಡುವೆ ನೇರವಾದ ಗಡಿ” ಎಂದು ಬರೆಯತಕ್ಕದ್ದು. ತೋಪುತೆನೆ ಎಂಬ ಪದವನ್ನು ನೇಕಾರನು ಬಲ್ಲನು. ಯಂತ್ರಕ್ಕೆ ಹಲ್ಲಿನ ಆಕಾರವನ್ನೇ ಹೇಳಬೇಕು.

ನೆರಿಗೆಯಲ್ಲಿ ತಪ್ಪು ಬಹುಬೇಗ ಬಯಲಾಗುತ್ತದೆ. ಈಗ ಬಹುಪ್ರಚಲಿತವಾದ ಉಡಿಗೆಯಲ್ಲಿ 5 ಅಂಗುಲ ಅಗಲದ ಒಂದು ನೆರಿಗೆ ಸುಮಾರು 10 ಅಂಗುಲ ಬಟ್ಟೆಯನ್ನು ನುಂಗುತ್ತದೆ; ಆರು ನೆರಿಗೆಗೆ 60 ಅಂಗುಲ, ಎಂದರೆ ಒಂದೂವರೆ ಮೀಟರು. ಐದೂವರೆ ಮೀಟರಿನ ಸೀರೆಯಲ್ಲಿ ಇದು ಸಲ್ಲುವ ಲೆಕ್ಕ. ಸೊಂಟದ ಸುತ್ತಲೂ ಇಪ್ಪತ್ತು ನೆರಿಗೆ ತೋರಿಸುವ ಚಿತ್ರ ಲಂಗದ್ದು, ಸೀರೆಯದಲ್ಲ. ಆದರೆ ಯಂತ್ರಕ್ಕೆ ಎಣಿಕೆ ದುರ್ಬಲ. “ಆರು” ಎಂದರೂ ಎಂಟು ಬಂದೀತು. ಸ್ಥಾನವನ್ನು ಹೇಳುವುದು ಹೆಚ್ಚು ಫಲಕಾರಿ: “ಹೊಕ್ಕುಳ ಕೆಳಗೆ ಒಂದೇ ಗುಚ್ಛವಾಗಿ ಸಿಕ್ಕಿಸಿದ ಸಮನಾದ ನೆರಿಗೆಗಳು, ಅಂಚುಗಳು ನೋಡುವವರ ಬಲಕ್ಕೆ.” ಉಟ್ಟವಳ ಎಡವೇ ನೋಡುವವರ ಬಲವಾದುದರಿಂದ ಯಾರ ಬಲವೆಂಬುದನ್ನು ಬಿಡಕೂಡದು.

ಅಂಚಿನ ಪರೀಕ್ಷೆ ಇನ್ನೂ ಕಠಿಣ. ಕೆಳಗಿನ ಅಂಚು ಪಾದದ ಬಳಿ ಅಡ್ಡವಾಗಿಯೇ ಹೋಗಿ, ಪ್ರತಿ ನೆರಿಗೆಯಲ್ಲಿ ಕಿರಿದಾಗಿ ಕಾಣಿಸಿಕೊಳ್ಳಬೇಕು. ಮೇಲಿನ ಅಂಚು ಸೊಂಟದಲ್ಲಿ ಮರೆಯಾಗಿ, ಬಲಗೈ ಕೆಳಗಿಂದ ಹೊರಟು ಎದೆಯ ಮೇಲೆ ಓರೆಯಾಗಿ ಎಡ ಹೆಗಲನ್ನು ಸೇರಬೇಕು. ನೆರಿಗೆಗಳ ನಡುವೆ ಕೆಂಪು ಪಟ್ಟಿ ಮೇಲಿಂದ ಕೆಳಗಿಳಿದರೆ, ಅಥವಾ ಸೆರಗಿನ ಬಿಳಿ ಹಲ್ಲುಗಳು ನೆರಿಗೆಗಳ ಮೇಲೆಯೇ ಕಂಡರೆ, ಬಟ್ಟೆಯ ಹರಿವು ಕಡಿದಿದೆ ಎಂದೇ ತಿಳಿಯಬೇಕು. ಆಗ ವಿಶೇಷಣವನ್ನು ಹೆಚ್ಚಿಸದೆ, ಆ ಅಂಚಿನ ದಾರಿಯನ್ನೇ ಮತ್ತೊಂದು ವಾಕ್ಯದಲ್ಲಿ ಹೇಳಿ, ಕಾಡಿನ ವರ್ಣನೆಯಿಂದ ಅಷ್ಟೇ ಪದಗಳನ್ನು ಕಳೆಯಬೇಕು.