ಯಾರ ಷೇರನ್ನು ಯಾರು ಕೊಳ್ಳಬೇಕು?

ಕಂಪನಿ ಕಾನೂನಿನ ಪ್ರಶ್ನೆಪತ್ರಿಕೆಯಲ್ಲಿ ಕಡಿಮೆ ಪಾಲಿನ ಷೇರುದಾರರ ಮೇಲಿನ ದಬ್ಬಾಳಿಕೆಯ ಬಗ್ಗೆ ಸಮಸ್ಯೆ ಕೊಟ್ಟರೆ ಅದರ ಕಥೆ ಹೆಚ್ಚುಕಡಿಮೆ ಒಂದೇ ಆಗಿರುತ್ತದೆ. ಅಣ್ಣತಮ್ಮಂದಿರಾದ ಅ ಮತ್ತು ಬ ತಮ್ಮ ಭಾವಮೈದ ಕ ಜೊತೆ ಸೇರಿ ಪ್ರೈವೇಟ್ ಕಂಪನಿ ಕಟ್ಟುತ್ತಾರೆ. ನೂರು ರೂಪಾಯಿ ಮುಖಬೆಲೆಯ 10,000 ಷೇರುಗಳಲ್ಲಿ ಅಣ್ಣತಮ್ಮಂದಿರಿಗೆ ತಲಾ 3,500, ಕ ಪಾಲಿಗೆ 3,000. ವ್ಯಾಪಾರ ಕುದುರಿದ ಮೇಲೆ ಮನಸ್ತಾಪ ಬರುತ್ತದೆ. ಕ ಅವರನ್ನು ನಿರ್ದೇಶಕ ಸ್ಥಾನದಿಂದ ಇಳಿಸುತ್ತಾರೆ, ಡಿವಿಡೆಂಡ್ ನಿಲ್ಲಿಸಿ ತಮ್ಮ ಸಂಬಳ ಏರಿಸಿಕೊಳ್ಳುತ್ತಾರೆ, ಕೊನೆಗೆ 25,000 ಹೊಸ ಷೇರುಗಳನ್ನು ಮುಖಬೆಲೆಗೇ ತಮಗೆ ಹಂಚಿಕೊಳ್ಳುತ್ತಾರೆ. ಕೊನೆಯ ಸಾಲು: ಕ ಅವರಿಗೆ ಸಲಹೆ ನೀಡಿ.

ವಿದ್ಯಾರ್ಥಿಯ ಉತ್ತರವೂ ಒಂದೇ ಅಚ್ಚಿನದು. 2013ರ ಕಂಪನಿ ಕಾಯಿದೆಯ 241ನೇ ಕಲಂ, 1965ರ ಕಳಿಂಗ ಟ್ಯೂಬ್ಸ್ ತೀರ್ಪು, ‘ಆದ್ದರಿಂದ ಇದು ದಬ್ಬಾಳಿಕೆ’ ಎಂಬ ಮಾತು, ನಂತರ 242ನೇ ಕಲಮಿನ ಪರಿಹಾರಗಳ ಪೂರ್ತಿ ಪಟ್ಟಿ. ಇದಕ್ಕೆ ಒಳ್ಳೆಯ ಅಂಕವೂ ಸಿಗುತ್ತದೆ. ನನ್ನ ತಕರಾರು ಇರುವುದು ಇಲ್ಲೇ. ನ್ಯಾಯಮಂಡಳಿಯ ಕಷ್ಟದ ಕೆಲಸ ಶುರುವಾಗುವ ಹೊತ್ತಿಗೆ ಈ ಉತ್ತರ ಮುಗಿದಿರುತ್ತದೆ. ಪರಿಹಾರಗಳನ್ನು ಎಣಿಸಿಟ್ಟರೆ ಕ ಅವರಿಗೆ ಸಲಹೆ ಕೊಟ್ಟಂತಾಗುವುದಿಲ್ಲ. ಯಾವ ತಪ್ಪಿಗೆ ಯಾವ ಆದೇಶ, ಎಷ್ಟು ಬೆಲೆಗೆ, ಯಾವ ಕ್ರಮದಲ್ಲಿ ಎಂದು ಹೇಳಿದಾಗಲೇ ಅದು ಸಲಹೆ.

ಈ ಸಮಸ್ಯೆಯನ್ನೇ ಹಿಡಿದು ನೋಡೋಣ. ಹೊಸ ಹಂಚಿಕೆಯ ನಂತರ ಒಟ್ಟು ಷೇರು 35,000. ಕ ಪಾಲು ಶೇ. 30ರಿಂದ ಸುಮಾರು ಶೇ. 8.6ಕ್ಕೆ ಇಳಿಯಿತು. ಅರ್ಜಿ ಹಾಕಲು ಹತ್ತನೇ ಒಂದು ಪಾಲು ಬಂಡವಾಳ ಬೇಕು ಎಂಬ 244ನೇ ಕಲಮಿನ ಮಾತು ನೆನಪಾದ ವಿದ್ಯಾರ್ಥಿ ಇಲ್ಲಿ ಗಾಬರಿಬಿದ್ದು, ಈ ಷರತ್ತಿನಿಂದ ವಿನಾಯಿತಿ ಕೋರಬೇಕು ಎಂದು ಬರೆಯುತ್ತಾನೆ. ಅದೇ ಕಲಮನ್ನು ಪೂರ್ತಿ ಓದಿದರೆ ಆ ಗಾಬರಿ ಬೇಕಿಲ್ಲ. ನೂರು ಸದಸ್ಯರು ಅಥವಾ ಒಟ್ಟು ಸದಸ್ಯರಲ್ಲಿ ಹತ್ತನೇ ಒಂದು ಭಾಗ, ಇವೆರಡರಲ್ಲಿ ಯಾವುದು ಕಡಿಮೆಯೋ ಅಷ್ಟು ಜನ ಇದ್ದರೂ ಸಾಕು. ಮೂವರೇ ಇರುವ ಕಂಪನಿಯಲ್ಲಿ ಒಬ್ಬರೇ ಅರ್ಜಿ ಹಾಕಬಹುದು, ಅವರ ಕೈಯಲ್ಲಿ ಎಷ್ಟೇ ಕಡಿಮೆ ಷೇರು ಉಳಿದಿರಲಿ. ಸಣ್ಣ ಕುಟುಂಬ ಕಂಪನಿಗಳಲ್ಲಿ ಷೇರು ಕರಗಿಸಿ ಬಾಗಿಲು ಮುಚ್ಚುವ ಪ್ರಯತ್ನ ಹೆಚ್ಚಾಗಿ ಫಲಿಸದಿರುವುದು ಇದೇ ಕಾರಣಕ್ಕೆ.

ದೂರುಗಳ ತೂಕವೂ ಒಂದೇ ಅಲ್ಲ. ಡಿವಿಡೆಂಡ್ ಕೊಡದಿರುವುದೊಂದೇ ದಬ್ಬಾಳಿಕೆಯಾಗುವುದಿಲ್ಲ. ನಿರ್ದೇಶಕ ಸ್ಥಾನದಿಂದ ತೆಗೆದದ್ದೂ ಅಷ್ಟೇ. ಟಾಟಾ ಮತ್ತು ಮಿಸ್ತ್ರಿ ವ್ಯಾಜ್ಯದಲ್ಲಿ ಮೇಲ್ಮನವಿ ನ್ಯಾಯಮಂಡಳಿ 2019ರ ಡಿಸೆಂಬರಿನಲ್ಲಿ ಮಿಸ್ತ್ರಿ ಅವರಿಗೆ ಅಧ್ಯಕ್ಷ ಸ್ಥಾನ ಮರಳಿಸಿತ್ತು. 2021ರ ಮಾರ್ಚಿನಲ್ಲಿ ಸುಪ್ರೀಂ ಕೋರ್ಟ್ ಆ ಆದೇಶವನ್ನು ರದ್ದುಮಾಡಿತು, ಪದವಿ ಮರಳಿಸುವ ಅಧಿಕಾರವನ್ನು 242ನೇ ಕಲಂ ಕೊಟ್ಟಿಲ್ಲ ಎಂದೂ ಹೇಳಿತು. ಆದ್ದರಿಂದ ‘ಕ ಅವರನ್ನು ಮತ್ತೆ ನಿರ್ದೇಶಕರನ್ನಾಗಿ ಮಾಡಬೇಕು’ ಎಂಬ ಸಾಲನ್ನು ಈ ತೀರ್ಪು ದಾಟದೆ ಬರೆಯುವಂತಿಲ್ಲ. ಆದರೂ ಪರಸ್ಪರ ನಂಬಿಕೆಯ ಮೇಲೆ, ಪಾಲುದಾರಿಕೆಯ ಹಾಗೆ ನಡೆದ ಕಂಪನಿಯಲ್ಲಿ ಈ ಹೊರಹಾಕುವಿಕೆಗೆ ಬೇರೆ ಉಪಯೋಗವಿದೆ. ಕಂಪನಿಯನ್ನು ಮುಚ್ಚಿಸುವಷ್ಟು ನ್ಯಾಯೋಚಿತ ಕಾರಣ ಇರಬೇಕು, ಹಾಗೆ ಮುಚ್ಚಿದರೆ ಅರ್ಜಿದಾರರಿಗೇ ಅನ್ಯಾಯವಾಗುವಂತಿರಬೇಕು ಎಂದು 242ನೇ ಕಲಂ ಬಯಸುತ್ತದೆ. ಮೊದಲ ಭಾಗಕ್ಕೆ ಇಂಗ್ಲೆಂಡಿನ 1972ರ ಇಬ್ರಾಹಿಮಿ ತೀರ್ಪು ಆಧಾರ. ಎರಡನೆಯದಕ್ಕೆ ಲಾಭದಲ್ಲಿ ನಡೆಯುತ್ತಿರುವ ವ್ಯಾಪಾರವೇ ಸಾಕ್ಷಿ.

ಪ್ರಕರಣದ ಜೀವ ಇರುವುದು ಷೇರು ಹಂಚಿಕೆಯಲ್ಲಿ. ಹೊಸ ಷೇರುಗಳನ್ನು ಮೊದಲು ಇರುವ ಷೇರುದಾರರಿಗೇ ಅವರವರ ಪಾಲಿನಂತೆ ಕೊಡಲು ಮುಂದಾಗಬೇಕು, ಆ ಪತ್ರವನ್ನು ರಿಜಿಸ್ಟರ್ಡ್ ಅಥವಾ ಸ್ಪೀಡ್ ಪೋಸ್ಟ್, ಕೊರಿಯರ್ ಅಥವಾ ಇ-ಮೇಲ್ ಮೂಲಕ ಕಳಿಸಬೇಕು ಎಂದು 62ನೇ ಕಲಂ ಹೇಳುತ್ತದೆ. ಕ ಅವರಿಗೆ ವಿಷಯ ಗೊತ್ತಾಗುವುದು ಸಾಮಾನ್ಯವಾಗಿ ರಿಜಿಸ್ಟ್ರಾರ್ ಬಳಿ ಸಲ್ಲಿಕೆಯಾದ PAS-3 ಫಾರಂ ಕಣ್ಣಿಗೆ ಬಿದ್ದಾಗ. ಒಳ್ಳೆಯ ವಕೀಲ ಮೊದಲು ಕೇಳುವುದು ಅಂಚೆ ರಸೀದಿಯನ್ನು. ಎರಡನೆಯದಾಗಿ, ಆ 25 ಲಕ್ಷ ರೂಪಾಯಿ ಕಂಪನಿಗೆ ಏಕೆ ಬೇಕಿತ್ತು ಎಂದು ಆಡಳಿತ ಮಂಡಳಿಯ ನಡಾವಳಿ ಪುಸ್ತಕದಲ್ಲಿ ಹುಡುಕುತ್ತಾನೆ.

ಪ್ರಶ್ನೆ ತಯಾರಿಸುವವರು ಈ ಎರಡನೆಯ ಅಂಶವನ್ನು ಬಿಟ್ಟುಬಿಡುತ್ತಾರೆ. ಅಣ್ಣತಮ್ಮಂದಿರನ್ನು ಅಷ್ಟು ದುಷ್ಟರನ್ನಾಗಿ ಚಿತ್ರಿಸಿದರೆ ತೀರ್ಮಾನಿಸಲು ಏನೂ ಉಳಿಯುವುದಿಲ್ಲ. 1981ರ ನೀಡಲ್ ಇಂಡಸ್ಟ್ರೀಸ್ ಪ್ರಕರಣ ಇಲ್ಲಿ ನೆನಪಾಗಬೇಕು. ಅಲ್ಲಿಯೂ ವಿದೇಶಿ ಷೇರುದಾರರಿಗೆ ಪತ್ರ ತಡವಾಗಿ ತಲುಪಿ ಹೊಸ ಷೇರುಗಳು ಅವರ ಕೈತಪ್ಪಿದವು. ಆದರೆ ಹಂಚಿಕೆಯ ಹಿಂದೆ ವಿದೇಶಿ ವಿನಿಮಯ ಕಾಯಿದೆಯನ್ನು ಪಾಲಿಸುವ ನಿಜವಾದ ಅಗತ್ಯವಿತ್ತು. ಸುಪ್ರೀಂ ಕೋರ್ಟ್ ದಬ್ಬಾಳಿಕೆ ಇಲ್ಲ ಎಂದಿತು. ಆದರೂ ಮುಖಬೆಲೆಗೂ ನಿಜಬೆಲೆಗೂ ಇದ್ದ ವ್ಯತ್ಯಾಸವನ್ನು ಕಟ್ಟಿಕೊಡಲು ಆದೇಶಿಸಿತು. ಎರಡೂ ಕಡೆ ತೂಗುವ ಇಂಥ ಸಂಗತಿಗಳಿರುವ ಸಮಸ್ಯೆ ಮಾತ್ರ ವಿದ್ಯಾರ್ಥಿಯನ್ನು ಯೋಚಿಸುವಂತೆ ಮಾಡುತ್ತದೆ.

ಇನ್ನು ಬೆಲೆಯ ಲೆಕ್ಕ. ಹಂಚಿಕೆಗೆ ಮುಂಚೆ ಕಂಪನಿಯ ಮೌಲ್ಯ 90 ಲಕ್ಷ, ಅಂದರೆ ಷೇರಿಗೆ 900 ರೂಪಾಯಿ ಎಂದಿಟ್ಟುಕೊಳ್ಳಿ. ಕ ಅವರ 3,000 ಷೇರಿಗೆ 27 ಲಕ್ಷ. ಅಣ್ಣತಮ್ಮಂದಿರ 25 ಲಕ್ಷ ಸೇರಿ ಮೌಲ್ಯ 115 ಲಕ್ಷವಾದ ಮೇಲೆ, 35,000 ಷೇರುಗಳ ನಡುವೆ ಹಂಚಿದರೆ, ಅದೇ 3,000 ಷೇರಿಗೆ ಸಿಗುವುದು 9.86 ಲಕ್ಷ. ‘ಕ ಅವರ ಷೇರುಗಳನ್ನು ನ್ಯಾಯವಾದ ಬೆಲೆಗೆ ಕೊಳ್ಳಲು ಆದೇಶಿಸಬಹುದು’ ಎಂದಷ್ಟೇ ಬರೆದು ಪೂರ್ಣವಿರಾಮ ಇಟ್ಟ ಉತ್ತರ ಈ 17 ಲಕ್ಷದ ಅಂತರವನ್ನು ನೋಡಿಯೇ ಇಲ್ಲ. ಆದ್ದರಿಂದ ಮೊದಲು ಹಂಚಿಕೆ ರದ್ದಾಗಬೇಕು. ಇಲ್ಲವೇ ಅದು ಆಗಿಯೇ ಇಲ್ಲ ಎಂದು ಭಾವಿಸಿ ಬೆಲೆ ಕಟ್ಟಬೇಕು. ಮಿತಿಮೀರಿ ಪಡೆದ ಸಂಬಳವನ್ನು ಕಂಪನಿಗೆ ವಾಪಸು ಕಟ್ಟಿಸಿ ಆ ಮೊತ್ತವನ್ನೂ ಮೌಲ್ಯಕ್ಕೆ ಸೇರಿಸಬೇಕು. ಷೇರು ಖರೀದಿಯ ಮಾತು ಆಮೇಲಿನದು. ಕಡಿಮೆ ಪಾಲು ಎಂಬ ನೆಪದಲ್ಲಿ ಬೆಲೆ ಕಡಿತ ಮಾಡುವುದನ್ನೂ ವಿರೋಧಿಸಬೇಕು. ಪಾಲುದಾರಿಕೆಯ ಸ್ವರೂಪದ ಕಂಪನಿಗಳಲ್ಲಿ ಇಂಗ್ಲೆಂಡಿನ ನ್ಯಾಯಾಲಯಗಳು ಸಾಮಾನ್ಯವಾಗಿ ಅಂಥ ಕಡಿತವನ್ನು ಒಪ್ಪಿಲ್ಲ.

ಯಾರ ಷೇರನ್ನು ಯಾರು ಕೊಳ್ಳಬೇಕು ಎಂಬ ಪ್ರಶ್ನೆಯನ್ನಂತೂ ಉತ್ತರಪತ್ರಿಕೆಗಳಲ್ಲಿ ಯಾರೂ ಎತ್ತುವುದಿಲ್ಲ. ಹೆಚ್ಚು ಷೇರು ಇದ್ದವರೇ ಕೊಳ್ಳುವವರು ಎಂಬುದು ಎಲ್ಲರ ಊಹೆ. ಕೇರಳದ ಡೇಲ್ ಅಂಡ್ ಕ್ಯಾರಿಂಗ್ಟನ್ ಪ್ರಕರಣದಲ್ಲಿ ವ್ಯವಸ್ಥಾಪಕ ನಿರ್ದೇಶಕ ಹೊಸ ಷೇರುಗಳನ್ನು ತನಗೇ ಹಂಚಿಕೊಂಡಿದ್ದ. ಅದು ದಬ್ಬಾಳಿಕೆ ಎಂದು ಕಂಡುಕೊಂಡ ಮೇಲೂ ಅಂದಿನ ಕಂಪನಿ ಕಾನೂನು ಮಂಡಳಿ ನೊಂದವರ ಷೇರುಗಳನ್ನು ಕೊಳ್ಳುವ ಅವಕಾಶವನ್ನು ಆತನಿಗೇ ಕೊಟ್ಟಿತು. ಹೈಕೋರ್ಟ್ ಇದನ್ನು ಒಪ್ಪಲಿಲ್ಲ. 2004ರಲ್ಲಿ ಸುಪ್ರೀಂ ಕೋರ್ಟ್ ಹೈಕೋರ್ಟಿನ ನಿಲುವನ್ನೇ ಎತ್ತಿಹಿಡಿಯಿತು. ತಪ್ಪು ಮಾಡಿದವನಿಗೆ ಅವನು ಬಯಸಿದ್ದನ್ನೇ ಕೊಡುವ ಆದೇಶ ಪರಿಹಾರವಾಗದು. ನನ್ನ ಮಟ್ಟಿಗೆ ಈ ವಿಷಯದಲ್ಲಿ ಮೊದಲು ಓದಿಸಬೇಕಾದ ತೀರ್ಪು ಇದೇ.

ಆದರೆ ನಮ್ಮ ಸಮಸ್ಯೆಗೆ ಅದನ್ನು ಕಣ್ಣುಮುಚ್ಚಿ ಅನ್ವಯಿಸಲಾಗದು. ಅಲ್ಲಿ ಬಹುಪಾಲು ಇದ್ದವರನ್ನೇ ಕೆಳಗೆ ತಳ್ಳಲಾಗಿತ್ತು, ಹಂಚಿಕೆ ರದ್ದಾದರೆ ಕಂಪನಿ ಅವರ ಕೈಗೆ ಮರಳುತ್ತಿತ್ತು. ಇಲ್ಲಿ ಹಂಚಿಕೆ ರದ್ದಾದರೂ ಕ ಶೇ. 30ರಲ್ಲೇ ಉಳಿಯುತ್ತಾರೆ, ಅಣ್ಣತಮ್ಮಂದಿರ ನಡುವೆ ದಿನವೂ ಹೋರಾಡುತ್ತಾ. ಅವರಿಗೆ ಬೇಕಾದದ್ದು ಗೌರವದ ಬೆಲೆ ಪಡೆದು ಹೊರಬರುವ ದಾರಿ. ಆ 25 ಲಕ್ಷ ಈಗಾಗಲೇ ಯಂತ್ರವಾಗಿದ್ದರೆ ಹಂಚಿಕೆ ರದ್ದಾದೊಡನೆ ಕಂಪನಿ ಅಷ್ಟು ಹಣವನ್ನು ಅಣ್ಣತಮ್ಮಂದಿರಿಗೆ ಹಿಂದಿರುಗಿಸಬೇಕಾಗುತ್ತದೆ. ಹಾಗಾದರೆ ಕ ಅವರ 27 ಲಕ್ಷಕ್ಕೆ ಕಂಪನಿಯನ್ನು ನೆಚ್ಚುವಂತಿಲ್ಲ. ಆದ್ದರಿಂದ ಕೊಳ್ಳುವ ಹೊಣೆಯನ್ನು ಅ ಮತ್ತು ಬ ಮೇಲೆ ವೈಯಕ್ತಿಕವಾಗಿ ಹೊರಿಸಬೇಕು, ಕಂತುಗಳ ದಿನಾಂಕ ಮತ್ತು ಬಡ್ಡಿಯನ್ನು ಆದೇಶದಲ್ಲೇ ಬರೆಸಬೇಕು, ಕೊನೆಯ ಕಂತು ಬರುವವರೆಗೆ ಷೇರು ವರ್ಗಾವಣೆ ತಡೆಯಬೇಕು. ಅವರು ಕಂತು ತಪ್ಪಿಸಿದರೆ ಅದೇ ದರದಲ್ಲಿ ಅವರ ಷೇರುಗಳನ್ನು ಕೊಳ್ಳುವ ಹಕ್ಕು ಕ ಅವರಿಗೆ ಬರಬೇಕು ಎಂಬ ಷರತ್ತನ್ನು ಅರ್ಜಿಯಲ್ಲೇ ಕೇಳಿಕೊಳ್ಳಬೇಕು.