ಠರಾವಿನಲ್ಲಿ ಉಳಿಯುವ ಖಾಲಿ ಜಾಗ

ಗ್ರಾಮ ಪಂಚಾಯಿತಿಯ ನಡಾವಳಿ ಪುಸ್ತಕಗಳಲ್ಲಿ ಇಂಥ ಸಾಲು ಸಾಮಾನ್ಯ: ‘ಬೀದಿ ದೀಪ ಅಳವಡಿಸಲು ರೂ. 50,000 ಅನ್ನು 15ನೇ ಹಣಕಾಸಿನಲ್ಲಿ ಭರಿಸಲು ಸಭೆ ಒಪ್ಪಿಗೆ ನೀಡಿತು.’ ಓದಲು ಸ್ಪಷ್ಟವಾಗಿಯೇ ಇದೆ. ಆದರೆ ದಾಖಲೆಯಾಗಿ ಇದು ಎರಡು ಕಡೆ ಸೋಲುತ್ತದೆ.

ಮೊದಲನೆಯದು ಮೊತ್ತ. ‘ರೂ.’ ಮತ್ತು ಅಂಕಿಯ ನಡುವೆ ಜಾಗ ಬಿಟ್ಟಿದ್ದರೆ ಅಲ್ಲಿ ‘1,’ ಸೇರಿಸಿ ಐವತ್ತು ಸಾವಿರವನ್ನು ಒಂದೂವರೆ ಲಕ್ಷ ಮಾಡುವುದು ಸುಲಭ. ಅಕ್ಷರದಲ್ಲೂ ಬರೆದರಾಯಿತು ಎನ್ನುತ್ತಾರೆ. ಅಂಕಿಗೂ ಅಕ್ಷರಕ್ಕೂ ತಾಳೆಯಾಗದಿದ್ದರೆ ಅಕ್ಷರದ ಮೊತ್ತವೇ ಸರಿ ಎಂದು 1881ರ ವರ್ಗಾವಣೀಯ ಲಿಖಿತಗಳ ಕಾಯ್ದೆ ಚೆಕ್ಕಿನ ಮಟ್ಟಿಗೆ ಹೇಳುತ್ತದೆ. ಅಕ್ಷರದ ಮೇಲಿನ ನಂಬಿಕೆಗೆ ಅದೂ ಆಧಾರ. ಆದರೆ ‘ಐವತ್ತು ಸಾವಿರ’ಕ್ಕೆ ಮೊದಲು ಖಾಲಿ ಇದ್ದರೆ ‘ಒಂದು ಲಕ್ಷ’ ಅಲ್ಲೂ ಸಲೀಸಾಗಿ ಕೂರುತ್ತದೆ. ಅದಕ್ಕೇ ‘ರೂ.50,000/- (ರೂಪಾಯಿ ಐವತ್ತು ಸಾವಿರ ಮಾತ್ರ)’ ಎಂದು ಒತ್ತಾಗಿ ಬರೆಯುವ ರೂಢಿ ಒಳ್ಳೆಯದು. ‘ರೂಪಾಯಿ’ ಮುಂದಿನ ಬಾಗಿಲನ್ನೂ ‘ಮಾತ್ರ’ ಹಿಂದಿನ ಬಾಗಿಲನ್ನೂ ಮುಚ್ಚುತ್ತವೆ. ‘1.5 ಲಕ್ಷ’ ಎಂಬ ಬರವಣಿಗೆ ಮಾತ್ರ ಬೇಡವೇ ಬೇಡ: ಜೆರಾಕ್ಸಿನಲ್ಲಿ ಚುಕ್ಕೆ ಅಳಿಸಿದರೆ ಅದು ಹದಿನೈದು ಲಕ್ಷ.

ಎರಡನೆಯದು ಲೆಕ್ಕ ಶೀರ್ಷಿಕೆ. ಮೊತ್ತಕ್ಕೆ ಇಷ್ಟು ಕಾವಲು ಹಾಕುವವರೂ ಇದನ್ನು ಬೋಳಾಗಿ ಬಿಡುತ್ತಾರೆ. 15ನೇ ಹಣಕಾಸು ಆಯೋಗದ 2021-26ರ ಅನುದಾನದಲ್ಲಿ ಶೇ. 60 ನಿರ್ಬಂಧಿತ, ಅದು ಕುಡಿಯುವ ನೀರು ಮತ್ತು ನೈರ್ಮಲ್ಯಕ್ಕೆ ಮೀಸಲು. ಬೀದಿ ದೀಪದ ಖರ್ಚು ಉಳಿದ ಅನಿರ್ಬಂಧಿತ ಭಾಗದಿಂದ ಹೋಗಬೇಕು. ಬರೀ ‘15ನೇ ಹಣಕಾಸು’ ಎಂದು ಬರೆದರೆ, ನೀರಿನ ಹಣ ದೀಪಕ್ಕೆ ಹೋದರೂ ಠರಾವು ಅದನ್ನು ತಡೆಯುವುದಿಲ್ಲ. ಇಲ್ಲಿ ಯಾವ ಅಂಕಿಯನ್ನೂ ತಿದ್ದಬೇಕಿಲ್ಲ. ಹಾಗಾಗಿ ಕೈಬರಹ ಪರೀಕ್ಷಿಸಿದರೂ ತಪ್ಪು ಸಿಗದು. ಲೆಡ್ಜರಿನ ಪಾವತಿಯನ್ನು ಠರಾವಿನ ಪಕ್ಕದಲ್ಲಿಟ್ಟಾಗಲೇ ಗೊತ್ತಾಗುವುದು.

ಹಾಗಾದರೆ ಆ ಸಾಲು ಹೀಗಿರಬೇಕು: ‘ಬೀದಿ ದೀಪ ಅಳವಡಿಸುವ ಕಾಮಗಾರಿಗೆ, ತೆರಿಗೆ ಸೇರಿ, ರೂ.50,000/- (ರೂಪಾಯಿ ಐವತ್ತು ಸಾವಿರ ಮಾತ್ರ) ಮೀರದಂತೆ, 15ನೇ ಹಣಕಾಸು ಅನಿರ್ಬಂಧಿತ ಅನುದಾನದಿಂದ ಭರಿಸಲು ಅನುಮೋದಿಸಲಾಯಿತು.’ ಆಯವ್ಯಯದಲ್ಲಿ ಶೀರ್ಷಿಕೆ ಹೇಗಿದೆಯೋ ಹಾಗೆಯೇ ಇಲ್ಲೂ ಇರಬೇಕು. ಸಾಲು ಮುಗಿದ ಮೇಲೆ ಉಳಿದ ಜಾಗಕ್ಕೆ ಗೆರೆ ಎಳೆಯಬೇಕು. ತಪ್ಪಾದರೆ ಒಂದೇ ಗೆರೆಯಲ್ಲಿ ಹೊಡೆದು, ಸರಿಯಾದದ್ದನ್ನು ಬರೆದು, ಅಧ್ಯಕ್ಷರು ದಿನಾಂಕ ಸಹಿತ ಚಿಕ್ಕ ಸಹಿ ಹಾಕಬೇಕು. ವೈಟ್ನರ್ ಹಚ್ಚಿದರೆ ಮೊದಲು ಏನಿತ್ತು ಎಂಬುದೇ ಮುಚ್ಚಿಹೋಗುತ್ತದೆ.

ಈ ಕ್ರಮಕ್ಕೂ ಮಿತಿಯಿದೆ. ಸಭೆ ಮುಗಿದು ವಾರಗಳ ನಂತರ ಸಹಿಗಳನ್ನು ಮೊದಲೇ ಪಡೆದ ಪುಟದಲ್ಲಿ ಠರಾವು ಬರೆದರೆ ‘ಮಾತ್ರ’ ಎಂಬ ಪದವೂ ಕಾಯಲಾರದು. ಸಭೆಯಲ್ಲೇ ಸಾಲನ್ನು ಗಟ್ಟಿಯಾಗಿ ಓದಿ, ಅದರ ಕೆಳಗೇ ಸಹಿ ಪಡೆಯದ ಹೊರತು ಅತ್ಯುತ್ತಮ ಒಕ್ಕಣೆಯೂ ಬರೀ ಚೆಂದದ ಒಕ್ಕಣೆ.