ತೆನೆಯ ಕಾಳು ಮತ್ತು ತೇಲಿ ಬಂದ ಚಿತ್ರ

ಸೆಪ್ಟೆಂಬರ್ 8ರಂದು, ಮೊಂತಿ ಹಬ್ಬದ ದಿನ, ನಿಮ್ಮ ಮೊಬೈಲಿಗೆ ಬಂದ ಶುಭಾಶಯಗಳಲ್ಲಿ ಒಂದನ್ನು ಮತ್ತೊಮ್ಮೆ ತೆರೆದು ನೋಡಿರಿ. ಮಾತೆ ಮರಿಯಮ್ಮನವರ ಸ್ವರೂಪ, ಸುತ್ತ ಹೂವು, ಹೊಂಬಣ್ಣದ ತೆನೆ, ಕೆಳಗೆ ‘ಮಾತೆಯು ನಿಮ್ಮನ್ನೂ ನಿಮ್ಮ ಕುಟುಂಬವನ್ನೂ ಹರಸಲಿ’ ಎಂಬ ಮಾತು. ಇದರಲ್ಲಿ ಸುಳ್ಳಿಲ್ಲ, ಕೆಡುಕೂ ಇಲ್ಲ. ಆದರೆ ಒಂದು ಕೃತಿಯನ್ನು ವಿಮರ್ಶಿಸುವಂತೆ ಇದನ್ನು ಓದಿದರೆ ಒಂದು ಕೊರತೆ ಎದ್ದು ಕಾಣುತ್ತದೆ: ಇದನ್ನು ಯಾರು ಯಾರಿಗೆ ಕಳುಹಿಸಿದರೂ ಒಂದಕ್ಷರವೂ ಬದಲಾಗಬೇಕಿಲ್ಲ. ಮಡಂತ್ಯಾರಿನ ಅಕ್ಕ ಮುಂಬಯಿಯ ತಮ್ಮನಿಗೆ ಕಳುಹಿಸಬಹುದು. ಅಂಗಡಿಯವರು ಗಿರಾಕಿಗೂ ಕಳುಹಿಸಬಹುದು. ವಾಟ್ಸಾಪ್ ಸಂಸ್ಥೆಯು 2018ರಿಂದ ಇಂತಹ ಸಂದೇಶದ ಮೇಲೆ Forwarded ಎಂದು ತಾನೇ ಬರೆಯುತ್ತದೆ. ಐದಾರು ಕೈ ದಾಟಿ ಬಂದದ್ದಾದರೆ ಜೋಡಿ ಬಾಣದ ಗುರುತನ್ನೂ ಹಾಕುತ್ತದೆ. ಶುಭಾಶಯವನ್ನು ಓದುವ ಮೊದಲೇ ಅದು ತನಗಾಗಿ ಹುಟ್ಟಿದ್ದಲ್ಲವೆಂದು ಓದುವವನಿಗೆ ತಿಳಿದುಬಿಡುತ್ತದೆ.

ಹಾಗಾದರೆ ಒಂದು ಶುಭಾಶಯವನ್ನು ಆತ್ಮೀಯವಾಗಿಸುವುದು ಯಾವುದು? ಸಂತ ಪೌಲರು ರೋಮನರಿಗೆ ಬರೆದ ಪತ್ರದ ಹದಿನಾರನೆಯ ಅಧ್ಯಾಯವನ್ನು ಓದಿರಿ. ಹೆಸರುಗಳ ಪಟ್ಟಿಯೆಂದು ನಾವು ಸಾಮಾನ್ಯವಾಗಿ ದಾಟಿಹೋಗುವ ಪುಟ ಅದು. ಅಲ್ಲಿ ಪೌಲರು ಇಪ್ಪತ್ತಕ್ಕೂ ಹೆಚ್ಚು ಮಂದಿಯನ್ನು ಹೆಸರಿಸಿ ವಂದಿಸುತ್ತಾರೆ. ಆದರೆ ಅನೇಕ ಹೆಸರುಗಳ ಪಕ್ಕದಲ್ಲಿ ಆ ವ್ಯಕ್ತಿಗೆ ಮಾತ್ರ ಸಲ್ಲುವ ಒಂದು ಮಾತಿದೆ. ಪ್ರಿಸ್ಕ ಮತ್ತು ಅಕ್ವಿಲ ದಂಪತಿಗಳು ತನ್ನ ಪ್ರಾಣಕ್ಕಾಗಿ ತಮ್ಮ ಪ್ರಾಣವನ್ನೇ ಒಡ್ಡಿದವರೆಂದು ನೆನೆಯುತ್ತಾರೆ. ರೂಫನ ತಾಯಿಯು ತನಗೂ ತಾಯಿಯಾದವಳೆನ್ನುತ್ತಾರೆ. ಈ ವಾಕ್ಯವನ್ನು ಬೇರೊಬ್ಬರಿಗೆ ಕಳುಹಿಸಲಾಗದು. ಆತ್ಮೀಯತೆಯ ಗುಟ್ಟು ಅಲಂಕಾರದಲ್ಲಿಲ್ಲ, ಹೀಗೆ ವರ್ಗಾಯಿಸಲಾಗದ ಒಂದು ವಿವರದಲ್ಲಿದೆ.

ನಮ್ಮ ಹಿರಿಯರಿಗೆ ಇದು ತಿಳಿದಿತ್ತು. ಮೊಂತಿ ಹಬ್ಬದಂದು ಆಶೀರ್ವದಿಸಿದ ತೆನೆಯನ್ನು ಮನೆಗೆ ತಂದು, ಕಾಳು ಸುಲಿದು, ಹಾಲಿಗೋ ಪಾಯಸಕ್ಕೋ ಬೆರೆಸಿ ಮನೆಮಂದಿಯೆಲ್ಲ ಹಂಚಿಕೊಂಡ ಮೇಲೆಯೇ ‘ನೊವೆಂ’ ಊಟ. ಮುಂಬಯಿಯಲ್ಲೋ ಕೊಲ್ಲಿ ರಾಷ್ಟ್ರದಲ್ಲೋ ಇದ್ದ ಮಕ್ಕಳಿಗೆ ಆ ತೆನೆಯ ಕೆಲವು ಕಾಳುಗಳನ್ನು ಲಕೋಟೆಯಲ್ಲಿಟ್ಟು ಅಂಚೆಗೆ ಹಾಕುತ್ತಿದ್ದರು. ಕಾಗದದಲ್ಲಿ ಎರಡೇ ಸಾಲು ಇದ್ದರೂ ಸಾಕಿತ್ತು. ಮನೆಯ ಊಟದಲ್ಲಿ ನಿನ್ನ ಪಾಲು ತೆಗೆದಿಟ್ಟಿದ್ದೇವೆ ಎಂಬುದನ್ನು ಕಾಳೇ ಹೇಳುತ್ತಿತ್ತು.

ಮೊಬೈಲಿನಲ್ಲಿಯೂ ಆ ಕಾಳನ್ನು ಇಡಲು ಸಾಧ್ಯ. ಮನೆಯ ಅಕ್ಕ ಒಡಹುಟ್ಟಿದವರ ಗುಂಪಿಗೆ ಹೀಗೆ ಬರೆಯುತ್ತಾಳೆಂದು ಭಾವಿಸೋಣ: ‘ಈ ಬಾರಿ ಅಮ್ಮ ಏಳು ಬಗೆಯ ತರಕಾರಿ ಮಾಡಿಸಿದ್ದಾರೆ. ಹೀರೆಕಾಯಿ ಹಿತ್ತಲಿನದೇ. ಅಪ್ಪ ಇದ್ದಾಗ ಕೆಸುವಿನ ದಂಟಿಗಾಗಿ ನಾವು ಜಗಳವಾಡುತ್ತಿದ್ದೆವಲ್ಲ, ಇಂದು ಅದನ್ನು ಕೇಳುವವರೇ ಇಲ್ಲ. ಅಲ್ಲಿ ನಿಮ್ಮ ಮನೆಯಲ್ಲಿ ಎಷ್ಟು ಬಗೆ?’ ಈ ಸಂದೇಶದಲ್ಲಿ ಮೂರು ಅಂಶಗಳಿವೆ. ಈ ವರ್ಷಕ್ಕೆ ಮಾತ್ರ ಸೇರಿದ ಒಂದು ಸುದ್ದಿ, ಆ ಗುಂಪಿಗೆ ಮಾತ್ರ ಗೊತ್ತಿರುವ ಒಂದು ನೆನಪು, ಉತ್ತರಿಸಲು ಸುಲಭವಾದ ಒಂದು ಪ್ರಶ್ನೆ. ‘ಶುಭಾಶಯ’ ಎಂಬ ಪದವೇ ಇಲ್ಲದಿದ್ದರೂ ಇದು ಶುಭಾಶಯ. ಜೊತೆಗೆ ಚಿತ್ರ ಬೇಕಾದರೆ, ನಿಮ್ಮ ಮನೆಯ ಪೀಠದ ಮೇಲಿರುವ ತೆನೆಯದ್ದು ಸಾಕು. ಬೆಳಕು ಮಂದವಾಗಿದ್ದರೂ ಹಿಂದಿನ ಗೋಡೆಯನ್ನು ನಿಮ್ಮವರು ಗುರುತಿಸುತ್ತಾರೆ. ಓದಲು ಬಾರದ ಮೊಮ್ಮಕ್ಕಳಿಗೆ ಅಜ್ಜಿಯ ಅರ್ಧ ನಿಮಿಷದ ಕೊಂಕಣಿ ಧ್ವನಿಯೇ ಪತ್ರ.

ಇಲ್ಲಿಯೂ ತಪ್ಪಲು ಅವಕಾಶವಿದೆ. ಗುಂಪಿನಲ್ಲಿ ಒಬ್ಬೊಬ್ಬರನ್ನೇ ಹೆಸರಿಸಲು ಹೊರಟು ಒಬ್ಬರನ್ನು ಬಿಟ್ಟರೆ, ಬಿಟ್ಟದ್ದು ಮಾತ್ರ ನೆನಪಿನಲ್ಲಿ ಉಳಿಯುತ್ತದೆ. ಆದುದರಿಂದ ಗುಂಪಿಗೆ ಎಲ್ಲರಿಗೂ ಸೇರಿದ ನೆನಪನ್ನೇ ಬರೆಯಿರಿ. ಅಗಲಿದ ಅಪ್ಪನ ನೆನಪು ಒಡಹುಟ್ಟಿದವರ ನಡುವೆ ಹಿತವೆನಿಸೀತು, ಆದರೆ ಇದೇ ವರ್ಷ ಪತಿಯನ್ನು ಕಳೆದುಕೊಂಡವರಿಗೆ, ಕೆಲಸ ಹೋದವರಿಗೆ, ಎಲ್ಲರೆದುರು ಅದನ್ನು ಎತ್ತುವುದು ಸಲ್ಲದು. ಅವರಿಗೆ ಪ್ರತ್ಯೇಕವಾಗಿ ಎರಡು ಸಾಲು ಬರೆಯುವುದೇ ಯೋಗ್ಯ. ಇನ್ನೂರು ಮಂದಿಗೆ ಹೀಗೆ ಬರೆಯಲಾಗದೆಂಬುದೂ ನಿಜ. ಹತ್ತು ಮಂದಿಯನ್ನು ಆರಿಸಿಕೊಳ್ಳಿರಿ. ಉಳಿದವರಿಗೆ ಚಿತ್ರ ಹೋದರೂ ಹೋಗಲಿ.

ನಿಮ್ಮ ಸಂದೇಶ ಮುಟ್ಟಿತೋ ಇಲ್ಲವೋ ಎಂಬುದು ಉತ್ತರದಲ್ಲಿ ತಿಳಿಯುತ್ತದೆ. ಚಿತ್ರಕ್ಕೆ ಬರುವುದು ಮುಗಿದ ಕೈಗಳ ಒಂದು ಗುರುತು, ಇಲ್ಲವೇ ಮತ್ತೊಂದು ಚಿತ್ರ. ಕಾಳಿಗೆ ಬರುವುದು ಒಂದು ವಾಕ್ಯ: ‘ಇಲ್ಲಿ ಐದೇ ಬಗೆ, ಕೆಸು ಸಿಗಲಿಲ್ಲ.’